ಜಿಮ್ ಜಾಹೀರಾತು ಮುಂದುವರಿಸಬೇಕೇ, ನಿಲ್ಲಿಸಬೇಕೇ: ದೋಷವನ್ನು ಪತ್ತೆಹಚ್ಚುವ ಕ್ರಮ

ಲಕ್ಷಣ

ಜಾಹೀರಾತಿನ ಪರದೆಯ ಮೇಲೆ ಎಲ್ಲವೂ ಅಗ್ಗವಾಗಿ ಕಾಣುತ್ತದೆ, ರಿಸೆಪ್ಷನ್‌ನಲ್ಲಿ ಹೊಸ ಮುಖಗಳು ಬರುತ್ತಲೇ ಇರುತ್ತವೆ, ಆದರೆ ಆರೆಂಟು ತಿಂಗಳು ಕಳೆದ ಮೇಲೆ ಖಾತೆಯಲ್ಲಿ ಹಣವೂ ಹೆಚ್ಚಿರುವುದಿಲ್ಲ, ಜಿಮ್‌ನಲ್ಲಿ ಜನರೂ ಹೆಚ್ಚಿರುವುದಿಲ್ಲ. ಈ ದೋಷಕ್ಕೆ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮದ್ದು ಮಾಡುತ್ತಾರೆ: ಜಾಹೀರಾತನ್ನೇ ಪೂರ್ತಿ ನಿಲ್ಲಿಸುತ್ತಾರೆ, ಇಲ್ಲವೇ ಸಾಲದಾಯಿತೆಂದು ಇನ್ನಷ್ಟು ಹಣ ಸುರಿಯುತ್ತಾರೆ. ಎರಡೂ ಊಹೆಯ ಮೇಲೆ ನಡೆಯುವ ಕೆಲಸ. ಒಬ್ಬ ಹೊಸ ಸದಸ್ಯನನ್ನು ತರಲು ನಿಜವಾಗಿ ತಗಲಿದ ಖರ್ಚನ್ನೂ, ಆ ಸದಸ್ಯ ಬಿಟ್ಟುಹೋಗುವವರೆಗೆ ಜಿಮ್‌ಗೆ ಉಳಿಸಿಕೊಡುವ ಮೊತ್ತವನ್ನೂ, ಅಂದರೆ ಜೀವಿತಾವಧಿ ಮೌಲ್ಯವನ್ನೂ, ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ.

ಕ್ರಮವನ್ನು ತೋರಿಸಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ ಮಧ್ಯಮ ಗಾತ್ರದ ಒಂದು ಜಿಮ್ ಇದೆ. ಅದರ ಮಾಲೀಕರು ಉಡುಪಿ ಕಡೆಯಿಂದ ಬಂದು ನೆಲೆಸಿದವರು. ಮೂರು ತಿಂಗಳ ಶುಲ್ಕ ತೆರಿಗೆ ಸೇರಿ 3,150 ರೂಪಾಯಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ಮೂಲಕ ಬಂದವರಿಗೆ ಮೊದಲ ಮೂರು ತಿಂಗಳು 2,100ಕ್ಕೆ ಸಿಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅವರು ಜಾಹೀರಾತಿಗೆ 90,000 ರೂಪಾಯಿ ಹಾಕಿದ್ದಾರೆ, 600 ಮಂದಿ ಫಾರಂ ತುಂಬಿದ್ದಾರೆ, 57 ಮಂದಿ ಸೇರಿದ್ದಾರೆ. ಅವರ ವಾದ ಹೀಗಿದೆ: "ಒಬ್ಬರಿಗೆ ನೂರೈವತ್ತು ರೂಪಾಯಿ ಬೀಳುತ್ತದೆ. ನಮ್ಮಲ್ಲಿ ಸೇರಿದವರು ಎರಡು ವರ್ಷ ಇರುತ್ತಾರೆ, ಇಪ್ಪತ್ತೈದು ಸಾವಿರ ಕೊಡುತ್ತಾರೆ. ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದಿದೆ?" ಈ ವಾದದ ಮೂರೂ ಸಂಖ್ಯೆಗಳು ತಪ್ಪಾಗಿವೆ, ಆದರೆ ಒಂದೊಂದೂ ಬೇರೆ ಬೇರೆ ಕಾರಣಕ್ಕೆ ತಪ್ಪಾಗಿದೆ.

ಮೊದಲ ಪರೀಕ್ಷೆ: ಖರ್ಚಿನ ಲೆಕ್ಕ ಪೂರ್ತಿಯಾಗಿದೆಯೇ

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ನಡೆಸುವ Ads Manager ಪರದೆಯಲ್ಲಿ Cost per result, ಅಂದರೆ ಒಂದು ಫಲಿತಾಂಶದ ಖರ್ಚು ಎಂಬ ಕಾಲಂ ಇರುತ್ತದೆ. ಫಾರಂ ತುಂಬಿಸುವ ಜಾಹೀರಾತಾದರೆ ಅಲ್ಲಿರುವ "ಫಲಿತಾಂಶ" ಎಂದರೆ ತುಂಬಿದ ಒಂದು ಫಾರಂ, ವಾಟ್ಸಾಪ್‌ಗೆ ಕರೆದೊಯ್ಯುವ ಜಾಹೀರಾತಾದರೆ ಶುರುವಾದ ಒಂದು ಸಂಭಾಷಣೆ. ಎರಡರಲ್ಲಿ ಯಾವುದೂ ಹಣ ಕಟ್ಟಿದ ಸದಸ್ಯನಲ್ಲ. ನಮ್ಮ ಉದಾಹರಣೆಯಲ್ಲಿ 150 ರೂಪಾಯಿ ಎಂಬುದು ಫಾರಂ ಒಂದರ ಬೆಲೆ. ಆ 600 ಮಂದಿಯಲ್ಲಿ ಫೋನ್ ಎತ್ತಿದವರು 330, ಜಿಮ್‌ಗೆ ಬಂದು ನೋಡಿದವರು 120, ಸೇರಿದವರು 57. ಆದ್ದರಿಂದ ಪರದೆಯ ಖರ್ಚನ್ನು ಮಾತ್ರ ಹಿಡಿದರೂ ಒಬ್ಬ ಸದಸ್ಯನಿಗೆ ಸುಮಾರು 1,580 ರೂಪಾಯಿ ಬೀಳುತ್ತದೆ.

ಪರದೆಯ ಖರ್ಚು ಪೂರ್ತಿ ಖರ್ಚೂ ಅಲ್ಲ. ಜಾಹೀರಾತಿನ ಬಿಲ್ಲಿನ ಮೇಲೆ ಶೇಕಡ 18ರಷ್ಟು ಜಿಎಸ್‌ಟಿ ಇದೆ. ಮೊದಲು ಜಿಮ್‌ನ ಸೇವೆಗೂ ಶೇಕಡ 18 ತೆರಿಗೆ ಇದ್ದುದರಿಂದ, ನೋಂದಾಯಿತ ಜಿಮ್ ಜಾಹೀರಾತಿಗೆ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ತೆರಿಗೆ ಶೇಕಡ 5ಕ್ಕೆ ಇಳಿದಿದೆ, ಆದರೆ ಹೂಡುವಳಿ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ ಅದರೊಂದಿಗೆ ಹೋಗಿದೆ. ಇದರ ಪರಿಣಾಮವಾಗಿ ಜಾಹೀರಾತಿನ ಮೇಲಿನ 18 ಈಗ ನೇರವಾಗಿ ಜೇಬಿನಿಂದ ಹೋಗುವ ಖರ್ಚು. ಶುಲ್ಕದ ತೆರಿಗೆ ಇಳಿದದ್ದನ್ನು ಎಲ್ಲರೂ ಗಮನಿಸಿದರು. ಈ ಎರಡನೆಯ ಮುಖವನ್ನು ಹಳೆಯ ಎಕ್ಸೆಲ್ ಹಾಳೆಯನ್ನೇ ಮುಂದುವರಿಸಿದವರು ಕಂಡಿರುವುದಿಲ್ಲ. ಪರೀಕ್ಷಿಸುವ ಸದಸ್ಯರ ಗುಂಪು ಹಳೆಯದಾಗಿದ್ದರೂ ಲೆಕ್ಕವನ್ನು ಈಗಿನ ತೆರಿಗೆಯಂತೆಯೇ ಹಾಕಬೇಕು, ಏಕೆಂದರೆ ನಾವು ನಿರ್ಧರಿಸಬೇಕಾದದ್ದು ಮುಂದಿನ ಜಾಹೀರಾತಿನ ವಿಷಯವನ್ನು.

ಈಗ ಖರ್ಚನ್ನು ಕೂಡಿಸೋಣ. ಜಾಹೀರಾತು 90,000, ಅದರ ಮೇಲಿನ ತೆರಿಗೆ 16,200, ಜಾಹೀರಾತು ನಡೆಸಿಕೊಡುವ ವ್ಯಕ್ತಿಗೆ ತಿಂಗಳಿಗೆ 8,000ದಂತೆ 24,000, ಫಾರಂ ತುಂಬಿದವರಿಗೆ ಫೋನ್ ಮಾಡುವ ಹುಡುಗಿಗೆ ಒಂದು ಹೆಸರಿಗೆ 30ರಂತೆ 18,000. ಒಟ್ಟು 1,48,200. ರಿಸೆಪ್ಷನ್‌ನವರ ಸಂಬಳವನ್ನು ಇಲ್ಲಿ ಸೇರಿಸಬಾರದು, ಜಾಹೀರಾತು ನಿಂತರೂ ಅದು ನಿಲ್ಲುವುದಿಲ್ಲ. ಜಾಹೀರಾತು ನಿಂತರೆ ಯಾವ ಖರ್ಚು ತಾನೂ ನಿಲ್ಲುತ್ತದೆಯೋ ಅದಷ್ಟೇ ಜಾಹೀರಾತಿನ ಖರ್ಚು. 57 ಮಂದಿಗೆ ಹಂಚಿದರೆ ತಲಾ 2,600 ರೂಪಾಯಿ.

ಎರಡನೆಯ ಪರೀಕ್ಷೆ: ಬಂದವರೆಲ್ಲ ಜಾಹೀರಾತಿನಿಂದಲೇ ಬಂದವರೇ

ಜಾಹೀರಾತಿನ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಹೇಗೂ ಬರಲಿದ್ದವರು ಕೆಲವರು ಇದ್ದೇ ಇರುತ್ತಾರೆ. ಎದುರಿನ ಸೊಸೈಟಿಯಲ್ಲಿದ್ದು ದಿನವೂ ಬೋರ್ಡ್ ನೋಡುತ್ತಿದ್ದವರು, ಸ್ನೇಹಿತನ ಮಾತು ಕೇಳಿ ಸೇರಲು ನಿರ್ಧರಿಸಿ ರಿಯಾಯಿತಿಗಾಗಿ ಮಾತ್ರ ಫಾರಂ ತುಂಬಿದವರು, ಮಕ್ಕಳ ರಜೆಯಲ್ಲಿ ಊರಿಗೆ ಹೋಗಿ ನವೀಕರಣ ತಪ್ಪಿಸಿಕೊಂಡು ಮತ್ತೆ "ಹೊಸಬ"ರಾಗಿ ಬಂದ ಹಳಬರು. ಈ ಕೊನೆಯವರ ವಿಷಯದಲ್ಲಿ ಜಿಮ್ ಎರಡು ಸಲ ಕಳೆದುಕೊಳ್ಳುತ್ತದೆ: ಪೂರ್ತಿ ಶುಲ್ಕ ಕೊಡಬೇಕಾದವರಿಗೆ ರಿಯಾಯಿತಿ ಕೊಟ್ಟು, ಅದಕ್ಕೆ ಜಾಹೀರಾತಿನ ಹಣವನ್ನೂ ತೆತ್ತಂತಾಗುತ್ತದೆ.

ಇವರನ್ನು ಬೇರ್ಪಡಿಸಲು ದೊಡ್ಡ ಸಾಧನಗಳು ಬೇಕಿಲ್ಲ. ಸೇರಿದವರ ಮೊಬೈಲ್ ಸಂಖ್ಯೆಗಳನ್ನು ಹಳೆಯ ರಿಜಿಸ್ಟರ್‌ನೊಂದಿಗೆ ಹೋಲಿಸಿ ನೋಡಿದರೆ ಹಳಬರು ಸಿಗುತ್ತಾರೆ. ಉಳಿದವರನ್ನು ಸೇರಿದ ದಿನವೇ, ಹಣ ಕಟ್ಟಿದ ಮೇಲೆ, "ಜಾಹೀರಾತು ನೋಡುವ ಮೊದಲೇ ನಮ್ಮ ಜಿಮ್ ಗೊತ್ತಿತ್ತೇ, ಯಾರಿಂದ?" ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಹಣ ಕಟ್ಟುವ ಮೊದಲು ಕೇಳಿದರೆ ರಿಯಾಯಿತಿ ತಪ್ಪೀತೆಂದು ಜಾಹೀರಾತಿನ ಹೆಸರನ್ನೇ ಹೇಳುತ್ತಾರೆ. ನಮ್ಮ 57ರಲ್ಲಿ 7 ಮಂದಿ ಹಳಬರು, 12 ಮಂದಿ ಹೇಗೂ ಬರಲಿದ್ದವರು. ಜಾಹೀರಾತು ನಿಜವಾಗಿ ತಂದದ್ದು 38 ಮಂದಿಯನ್ನು. 1,48,200ನ್ನು 38ಕ್ಕೆ ಹಂಚಿದರೆ ತಲಾ 3,900 ರೂಪಾಯಿ. ನೂರೈವತ್ತು ಎಂದು ಶುರುವಾದದ್ದು ಇಲ್ಲಿಗೆ ಬಂದು ನಿಲ್ಲುತ್ತದೆ.

ಹನ್ನೆರಡು ಎಂಬ ಸಂಖ್ಯೆ ಜನರ ಮಾತನ್ನು ನಂಬಿ ಬಂದದ್ದು, ಆದ್ದರಿಂದ ಒಂದಿಷ್ಟು ಅತ್ತಿತ್ತ ಇರಬಹುದು. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಜಾಹೀರಾತನ್ನು ನಾಲ್ಕಾರು ವಾರ ಪೂರ್ತಿ ನಿಲ್ಲಿಸಿ, ತಾವಾಗಿ ಬಂದು ಸೇರುವವರ ಸಂಖ್ಯೆ ಎಷ್ಟು ಏರುತ್ತದೆ ಎಂದು ನೋಡಬಹುದು. ಈ ಪರೀಕ್ಷೆಗೆ ಜನವರಿಯಾಗಲಿ ಗಣಪತಿ ಹಬ್ಬದ ವಾರಗಳಾಗಲಿ ತಕ್ಕ ಸಮಯವಲ್ಲ. ಜನ ಬರುವುದೂ ಬಾರದಿರುವುದೂ ಆಗ ಕ್ಯಾಲೆಂಡರಿನಿಂದಲೇ ನಿರ್ಧಾರವಾಗುತ್ತದೆ.

ಮೂರನೆಯ ಪರೀಕ್ಷೆ: ಜೀವಿತಾವಧಿ ಮೌಲ್ಯ ಯಾರ ಜೀವಿತಾವಧಿಯದ್ದು

ದೋಷ ಹೆಚ್ಚಾಗಿ ಅಡಗಿರುವುದು ಇಲ್ಲಿ. "ನಮ್ಮ ಸದಸ್ಯರು ಎರಡು ವರ್ಷ ಇರುತ್ತಾರೆ" ಎಂಬುದು ಸುಳ್ಳಲ್ಲ, ಆದರೆ ಅದು ಈ ಹೊತ್ತು ಜಿಮ್‌ನಲ್ಲಿ ಕಾಣುವವರನ್ನು ನೋಡಿ ಹೇಳಿದ ಮಾತು. ಮೂರೇ ತಿಂಗಳಿಗೆ ಬಿಟ್ಟುಹೋದವರು ಆ ನೋಟಕ್ಕೆ ಸಿಗುವುದೇ ಇಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ಎಲ್ಲರೂ ಉಳಿದಂತೆಯೇ ತೋರುತ್ತದೆ. ಇದರ ಜೊತೆಗೆ, ಆ ಹಳಬರಲ್ಲಿ ಹೆಚ್ಚಿನವರು ಅಕ್ಕಪಕ್ಕದವರ ಮಾತು ಕೇಳಿ ಸೇರಿದವರು. ಜಾಹೀರಾತಿನಿಂದ ಬಂದವರೂ ಅವರಂತೆಯೇ ನಡೆದುಕೊಳ್ಳುತ್ತಾರೆ ಎನ್ನಲು ಆಧಾರವಿಲ್ಲ.

ಸರಿಯಾದ ದಾರಿ ಎಂದರೆ ಒಂದು ಅವಧಿಯಲ್ಲಿ ಜಾಹೀರಾತಿನಿಂದ ಸೇರಿದವರನ್ನೇ ಒಂದು ಗುಂಪಾಗಿ ಹಿಡಿದು, ಒಂದು ವರ್ಷ ಕಳೆದ ಮೇಲೆ ಪ್ರತಿ ತ್ರೈಮಾಸಿಕದಲ್ಲಿ ಎಷ್ಟು ಮಂದಿ ನವೀಕರಿಸಿದರು ಎಂದು ಎಣಿಸುವುದು. ಹಾಳೆಯಲ್ಲಿ ಸೇರಿದ ದಿನ, ಬಂದ ಮೂಲ, ಪಿನ್‌ಕೋಡ್‌ನಿಂದ ತಿಳಿದ ಹತ್ತಿರ ಅಥವಾ ದೂರ, ಮತ್ತು ಎರಡು, ಮೂರು, ನಾಲ್ಕನೆಯ ತ್ರೈಮಾಸಿಕದ ನವೀಕರಣ ಇಷ್ಟು ಕಾಲಂ ಇದ್ದರೆ ಸಾಕು. B ಕಾಲಂನಲ್ಲಿ ಜಾಹೀರಾತಿನಿಂದ ಬಂದವರಿಗೆ ad, C ಕಾಲಂನಲ್ಲಿ ಹತ್ತಿರದವರಿಗೆ near, E ಕಾಲಂನಲ್ಲಿ ಎರಡನೆಯ ತ್ರೈಮಾಸಿಕಕ್ಕೆ ನವೀಕರಿಸಿದವರಿಗೆ Y ಎಂದು ಬರೆದಿದ್ದರೆ ಸೂತ್ರ ಹೀಗಿರುತ್ತದೆ:

```
=COUNTIFS(B:B,"ad",C:C,"near",E:E,"Y")/COUNTIFS(B:B,"ad",C:C,"near")
```

ಅವಧಿ ಮುಗಿದು 45 ದಿನಗಳೊಳಗೆ ಹಣ ಕಟ್ಟಿದವರನ್ನು ನವೀಕರಿಸಿದವರೆಂದೇ ಬರೆಯಬೇಕು. ಇಲ್ಲದಿದ್ದರೆ ಮೇ ತಿಂಗಳಲ್ಲಿ ಊರಿಗೆ ಹೋದವರೆಲ್ಲ ಬಿಟ್ಟುಹೋದವರ ಲೆಕ್ಕಕ್ಕೆ ಸೇರುತ್ತಾರೆ. ವಾರ್ಷಿಕ ಶುಲ್ಕ ಕಟ್ಟಿದವರನ್ನು ಈ ಗುಂಪಿನಲ್ಲಿ ಬೆರೆಸದೆ ಬೇರೆ ಇಡುವುದು ಲೇಸು. ಅವರ ಹಣ ಮೊದಲೇ ಕೈಸೇರಿರುವುದರಿಂದ ಒಂದು ವರ್ಷದವರೆಗೆ ಅವರಾರೂ ಬಿಟ್ಟುಹೋದಂತೆ ಕಾಣುವುದಿಲ್ಲ.

ನಮ್ಮ 38 ಮಂದಿಯಲ್ಲಿ ಎರಡನೆಯ ತ್ರೈಮಾಸಿಕಕ್ಕೆ ಮುಂದುವರಿದವರು 15, ಮೂರನೆಯದಕ್ಕೆ 9, ನಾಲ್ಕನೆಯದಕ್ಕೆ 7. ಅದೇ ತಿಂಗಳುಗಳಲ್ಲಿ ಪರಿಚಯದವರ ಮಾತಿನಿಂದ ಸೇರಿದ 40 ಮಂದಿಯಲ್ಲಿ ಉಳಿದವರು ಕ್ರಮವಾಗಿ 26, 21, 18. ಎರಡು ವರ್ಷದ ಮಾತು ಈ ಎರಡನೆಯ ಗುಂಪಿಗೆ ಹೊಂದೀತು, ಮೊದಲನೆಯದಕ್ಕೆ ಹೊಂದುವುದಿಲ್ಲ.

ಮೌಲ್ಯವನ್ನು ಶುಲ್ಕದಿಂದ ಅಳೆಯಬಾರದು, ಉಳಿಕೆಯಿಂದ ಅಳೆಯಬೇಕು. 3,150ರಲ್ಲಿ ತೆರಿಗೆ ಕಳೆದರೆ 3,000, ರಿಯಾಯಿತಿಯ 2,100ರಲ್ಲಿ 2,000. ಒಬ್ಬ ಸದಸ್ಯ ಹೆಚ್ಚಾದರೆ ತ್ರೈಮಾಸಿಕಕ್ಕೆ ವಿದ್ಯುತ್, ನೀರು, ಸ್ವಚ್ಛತೆ, ಯಂತ್ರಗಳ ಸವೆತ ಎಲ್ಲ ಸೇರಿ 400 ರೂಪಾಯಿ ಹೆಚ್ಚು ಬೀಳುತ್ತದೆ ಎಂದಿಟ್ಟುಕೊಂಡರೆ, ಮೊದಲ ತ್ರೈಮಾಸಿಕದ ಉಳಿಕೆ 1,600, ಆಮೇಲಿನದ್ದು 2,600. ಬಾಡಿಗೆಯನ್ನೂ ತರಬೇತುದಾರರ ಸಂಬಳವನ್ನೂ ಇಲ್ಲಿ ಕಳೆಯುತ್ತಿಲ್ಲ, ಏಕೆಂದರೆ ಮೂವತ್ತೆಂಟು ಮಂದಿ ಬಂದರೂ ಬಾರದಿದ್ದರೂ ಅವು ಅಷ್ಟೇ. ಈ ವಿನಾಯಿತಿಗೆ ಒಂದು ಮಿತಿ ಇದೆ: ಲೋಕಲ್ ರೈಲು ಹಿಡಿದು ಮನೆಗೆ ಮರಳಿದವರೆಲ್ಲ ರಾತ್ರಿ ಎಂಟೂವರೆಗೆ ಒಟ್ಟಿಗೆ ಬಂದು ಯಂತ್ರಕ್ಕೆ ಸಾಲು ನಿಲ್ಲುವ ಸ್ಥಿತಿ ಬಂದಿದ್ದರೆ, ಹೊಸಬನ ಖರ್ಚು 400ಕ್ಕೆ ನಿಲ್ಲುವುದಿಲ್ಲ. ಬೇಸತ್ತು ಹೊರಟುಹೋಗುವ ಹಳಬನ ಉಳಿಕೆಯೂ ಆ ಖರ್ಚಿಗೆ ಸೇರುತ್ತದೆ.

ಮೊದಲ ತ್ರೈಮಾಸಿಕದಲ್ಲಿ 38 ಮಂದಿಯಿಂದ 60,800. ಆಮೇಲಿನ ಮೂರರಲ್ಲಿ ಒಟ್ಟು 31 ನವೀಕರಣಗಳಿಂದ 80,600. ಒಟ್ಟು 1,41,400, ಅಂದರೆ ತಲಾ ಸುಮಾರು 3,720 ರೂಪಾಯಿ. ತರಲು ಆದ ಖರ್ಚು 3,900. ಒಂದು ವರ್ಷ ಕಳೆದರೂ ಹಾಕಿದ ಹಣ ಪೂರ್ತಿ ಮರಳಿಲ್ಲ. ಉಳಿದ ಏಳು ಮಂದಿಯಲ್ಲಿ ಪ್ರತಿ ತ್ರೈಮಾಸಿಕಕ್ಕೆ ನಾಲ್ವರಲ್ಲಿ ಮೂವರು ಮುಂದುವರಿಯುತ್ತಾರೆ ಎಂದು ಉದಾರವಾಗಿ ಹಿಡಿದು ಎರಡನೆಯ ವರ್ಷವನ್ನು ಸೇರಿಸಿದರೂ ಮೌಲ್ಯ ತಲಾ 4,700ರ ಆಸುಪಾಸಿಗೆ ನಿಲ್ಲುತ್ತದೆ. ಎರಡನೆಯ ವರ್ಷದಿಂದಾಚೆಗೆ ಲೆಕ್ಕವನ್ನು ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಏಳೇ ಮಂದಿಯ ನಡತೆಯಿಂದ ಮೂರನೆಯ ವರ್ಷವನ್ನು ಊಹಿಸಿದರೆ ಹೊರಬರುವುದು ನಮಗೆ ಬೇಕಾದ ಉತ್ತರವೇ.

ಮೌಲ್ಯವು ಖರ್ಚಿನ ಮೂರು ಪಟ್ಟು ಇರಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ತಿಂಗಳ ಚಂದಾದ ಮೇಲೆ ನಡೆಯುವ ಸಾಫ್ಟ್‌ವೇರ್ ಕಂಪನಿಗಳ ವಲಯದಲ್ಲಿ ಬೇರೂರಿದ ಅಳತೆ. ಬಾಡಿಗೆ ಕಟ್ಟುವ ಜಿಮ್‌ಗೆ ಎಷ್ಟು ಪಟ್ಟು ಎಂಬುದಕ್ಕಿಂತ ಮುಖ್ಯವಾದದ್ದು ಹಣ ಮರಳುವ ಕಾಲ. ಒಂದು ವರ್ಷದ ಉಳಿಕೆಯಿಂದ ಖರ್ಚು ತೀರಬೇಕು ಎಂಬ ಗೆರೆಯನ್ನು ಎಳೆದುಕೊಂಡರೆ ನಿರ್ಧಾರ ಸುಲಭವಾಗುತ್ತದೆ. ಆ ಗೆರೆಯ ಪ್ರಕಾರ ಈ ಜಾಹೀರಾತು ಸೋತಿದೆ, ಆದರೆ ಸ್ವಲ್ಪದರಲ್ಲಿ. ಸ್ವಲ್ಪದರಲ್ಲಿ ಸೋತದ್ದನ್ನು ಕಂಡಾಗ ನಿಲ್ಲಿಸುವ ಆತುರ ಪಡದೆ, ಗೆಲ್ಲುವ ಒಂದು ಭಾಗವೂ ಸೋಲುವ ಇನ್ನೊಂದು ಭಾಗವೂ ಒಂದೇ ಸರಾಸರಿಯಲ್ಲಿ ಬೆರೆತಿವೆಯೇ ಎಂದು ಬಿಡಿಸಿ ನೋಡಬೇಕು.

ನಾಲ್ಕನೆಯ ಪರೀಕ್ಷೆ: ಸರಾಸರಿಯನ್ನು ಬಿಡಿಸುವುದು

ವಯಸ್ಸು, ಲಿಂಗ, ವಿಡಿಯೋ, ಫೋಟೋ ಎಂದು ಬಿಡಿಸಲು ಹಲವು ಬಗೆಗಳಿವೆ. ಜಿಮ್‌ನ ಮಟ್ಟಿಗೆ ಮೊದಲು ಬಿಡಿಸಬೇಕಾದದ್ದು ದೂರ. ಡೊಂಬಿವಲಿಯನ್ನು ರೈಲು ಹಳಿಗಳು ಪೂರ್ವ, ಪಶ್ಚಿಮ ಎಂದು ಎರಡು ಮಾಡಿವೆ. ಬೆಳಗ್ಗೆ ಏಳರ ಲೋಕಲ್ ಹಿಡಿಯಬೇಕಾದವನಿಗೆ ಹಳಿ ದಾಟಿ ಬಂದು ವ್ಯಾಯಾಮ ಮಾಡಿ ಮರಳುವುದು ಜನವರಿಯ ಉತ್ಸಾಹದಲ್ಲಿ ಸಾಧ್ಯ, ಜುಲೈ ಮಳೆಯಲ್ಲಿ ಸಾಧ್ಯವಿಲ್ಲ. ಜನವರಿ-ಮಾರ್ಚ್‌ನಲ್ಲಿ ಸೇರಿದವರ ಮೂರನೆಯ ತ್ರೈಮಾಸಿಕ ಬರುವುದೇ ಆ ಮಳೆಯಲ್ಲಿ.

ನಮ್ಮ ಮಾಲೀಕರ ಜಾಹೀರಾತು 8 ಕಿಲೋಮೀಟರ್ ವೃತ್ತದಲ್ಲಿ ಓಡುತ್ತಿತ್ತು, ಅಂದರೆ ಪಶ್ಚಿಮವೂ ಠಾಕುರ್ಲಿಯೂ ಕಲ್ಯಾಣದ ಭಾಗಗಳೂ ಅದರೊಳಗೆ ಬಂದಿದ್ದವು. ಫಾರಂನಲ್ಲಿ ಪಿನ್‌ಕೋಡ್ ಕೇಳಿದ್ದರಿಂದ ಪೂರ್ವದ 421201 ಮತ್ತು ಪಶ್ಚಿಮದ 421202 ಬೇರೆ ಬೇರೆಯಾಗಿ ಸಿಗುತ್ತವೆ. ಪಿನ್‌ಕೋಡ್ ಕೇಳದಿದ್ದರೆ ಈ ಪರೀಕ್ಷೆಯನ್ನು ಹಿಂದಿನ ಗುಂಪಿನ ಮೇಲೆ ಮಾಡಲು ಸದಸ್ಯತ್ವದ ಅರ್ಜಿಯಲ್ಲಿರುವ ವಿಳಾಸಗಳನ್ನು ಕೂತು ಓದಬೇಕಾಗುತ್ತದೆ; ಅದು ಬೇಸರದ ಕೆಲಸವಾದರೂ ಒಂದು ಸಂಜೆಯಲ್ಲಿ ಮುಗಿಯುತ್ತದೆ.

600 ಫಾರಂಗಳಲ್ಲಿ ಹತ್ತಿರದವು 240, ದೂರದವು 360. ಸೇರಿದ 38ರಲ್ಲಿ ಹತ್ತಿರದವರು 20, ದೂರದವರು 18. ಹತ್ತಿರದ 20ರಲ್ಲಿ ಮುಂದುವರಿದವರು ಕ್ರಮವಾಗಿ 12, 8, 7. ದೂರದ 18ರಲ್ಲಿ 3, 1, ಸೊನ್ನೆ. ಸಂಖ್ಯೆಗಳು ಸಣ್ಣವು ಎಂಬುದು ನಿಜ. ಹನ್ನೆರಡಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸವಾಗಿದ್ದರೆ ಅದರ ಮೇಲೆ ಏನನ್ನೂ ಕಟ್ಟಲಾಗುತ್ತಿರಲಿಲ್ಲ. ಹನ್ನೆರಡಕ್ಕೂ ಮೂರಕ್ಕೂ ಇರುವ ಅಂತರವನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ, ಅದಕ್ಕೆ ಕಾರಣವೂ ಕಣ್ಣೆದುರಿಗಿದೆ.

ದೂರದವರ ಖರ್ಚು ಹೀಗೆ: ತೆರಿಗೆ ಸೇರಿ ಫಾರಂ ಒಂದಕ್ಕೆ 177, ಫೋನ್‌ಗೆ 30, ಹೀಗೆ 360ಕ್ಕೆ 74,520. ಅವರು ಒಂದು ವರ್ಷದಲ್ಲಿ ಕೊಟ್ಟ ಉಳಿಕೆ 39,200. ಒಬ್ಬನನ್ನು ತರಲು 4,140 ಖರ್ಚು ಮಾಡಿ 2,180ರಷ್ಟು ಪಡೆದಂತಾಯಿತು. ಎರಡನೆಯ ವರ್ಷಕ್ಕೆ ಯಾರೂ ಉಳಿದಿಲ್ಲದ ಕಾರಣ ಆ ಲೆಕ್ಕ ಅಲ್ಲಿಗೆ ಮುಗಿಯಿತು. ಹತ್ತಿರದವರ 240 ಫಾರಂಗೆ 49,680. ಜಾಹೀರಾತು ನಡೆಸುವವರ 24,000ನ್ನು ಪೂರ್ತಿಯಾಗಿ ಇವರ ಮೇಲೆಯೇ ಹಾಕಬೇಕು, ದೂರದ ಜಾಹೀರಾತು ನಿಂತರೂ ಅವರ ಶುಲ್ಕ ಇಳಿಯುವುದಿಲ್ಲ. ಹಾಗೆ ಹಾಕಿದರೂ ಒಟ್ಟು 73,680, ತಲಾ 3,684. ಅವರ ಒಂದು ವರ್ಷದ ಉಳಿಕೆ ತಲಾ 5,110. ಹಣ ಮೂರನೆಯ ತ್ರೈಮಾಸಿಕದಲ್ಲೇ ಮರಳಿದೆ. ಹೀಗೆ ಒಂದೇ ಹೆಸರಿನಡಿ ಓಡುತ್ತಿದ್ದದ್ದು ಎರಡು ಜಾಹೀರಾತು, ಒಂದರ ಲಾಭವನ್ನು ಇನ್ನೊಂದು ತಿನ್ನುತ್ತಿತ್ತು. ದೂರದ್ದನ್ನು ನಿಲ್ಲಿಸಿದರೆ ತ್ರೈಮಾಸಿಕಕ್ಕೆ 35,320 ರೂಪಾಯಿ ಉಳಿಯುತ್ತದೆ.

ತಿದ್ದುವಾಗ ಊರಿನ ಹೆಸರನ್ನು ಆರಿಸದೆ ನಕ್ಷೆಯ ಮೇಲೆ ಜಿಮ್ ಇರುವ ಜಾಗಕ್ಕೆ ಪಿನ್ ಇಟ್ಟು ಎರಡು ಕಿಲೋಮೀಟರ್ ವೃತ್ತ ಹಾಕಬೇಕು. ಆದರೂ ಒಂದು ಸೋರಿಕೆ ಉಳಿಯುತ್ತದೆ: ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ಅಲ್ಲಿ ವಾಸಿಸುವವರ ಜೊತೆಗೆ ಇತ್ತೀಚೆಗೆ ಅಲ್ಲಿ ಇದ್ದವರಿಗೂ ಜಾಹೀರಾತು ತೋರಿಸುತ್ತದೆ, ಸ್ಟೇಷನ್ ವೃತ್ತದೊಳಗಿದ್ದರೆ ಗಾಡಿ ಬದಲಿಸಿದವರೂ ಸಿಕ್ಕಿಬೀಳುತ್ತಾರೆ. ಆದ್ದರಿಂದ ಪಿನ್‌ಕೋಡ್ ಪ್ರಶ್ನೆಯನ್ನು ತೆಗೆಯಬಾರದು. ಫಾರಂನ ಬಗೆ ಆರಿಸುವಲ್ಲಿ More volume ಬದಲು Higher intent ಇಟ್ಟರೆ ತುಂಬಿದ್ದನ್ನು ಇನ್ನೊಮ್ಮೆ ನೋಡಿ ಒಪ್ಪುವ ಹಂತ ಬರುತ್ತದೆ, ಫಾರಂಗಳ ಬೆಲೆ ಏರುತ್ತದೆ. Cost per result ಏರಿತೆಂದು ಯಾರಾದರೂ ದೂರಿದರೆ, ಸೇರಿದವರ ಖರ್ಚು ಏನಾಯಿತು ಎಂದು ಕೇಳುವುದು ಸಾಕು.

ತಿದ್ದಿದ ಮೇಲೆ ಮತ್ತೆ ಕಾಣಿಸಿಕೊಳ್ಳುವ ದೋಷ

ಹತ್ತಿರದ ಜಾಹೀರಾತು ಗೆಲ್ಲುತ್ತದೆ ಎಂದು ತಿಳಿದ ಕೂಡಲೇ ಉಳಿದ ಹಣವನ್ನೆಲ್ಲ ಅದಕ್ಕೇ ಹಾಕುವ ಮನಸ್ಸಾಗುತ್ತದೆ. 36,000 ಇದ್ದದ್ದನ್ನು 72,000 ಮಾಡಿದಾಗ ಫಾರಂಗಳು 240ರಿಂದ 400ಕ್ಕೂ, ಸೇರಿದವರು 20ರಿಂದ 27ಕ್ಕೂ ಏರಿದರು ಎಂದಿಟ್ಟುಕೊಳ್ಳೋಣ. ತೆರಿಗೆ, ಫೋನ್, ನಿರ್ವಹಣೆ ಸೇರಿ ಒಟ್ಟು 1,20,960, ತಲಾ 4,480. ಗೆರೆ ಇರುವುದು 5,110ರಲ್ಲಿ, ಆದ್ದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ನಾವು ಕೇಳಬೇಕಾದದ್ದು ಹೆಚ್ಚುವರಿ ಹಣ ತಂದ ಹೆಚ್ಚುವರಿ ಏಳು ಮಂದಿಯ ಬಗ್ಗೆ. ಅವರಿಗೆ ಆದದ್ದು 47,280, ತಲಾ 6,750ಕ್ಕೂ ಮೇಲೆ. ಎರಡು ಕಿಲೋಮೀಟರ್ ವೃತ್ತದಲ್ಲಿ ಸೇರಲು ಸಿದ್ಧವಿರುವವರು ಇಷ್ಟೇ ಮಂದಿ. ಅವರು ಮುಗಿದ ಮೇಲೆ ಅದೇ ಜಾಹೀರಾತು ಅದೇ ಜನರಿಗೆ ಮತ್ತೆ ಮತ್ತೆ ಕಾಣುತ್ತದೆ, Frequency ಕಾಲಂನಲ್ಲಿ ಅದು ಏರುವುದನ್ನು ನೋಡಬಹುದು.

ಇಲ್ಲಿ ಮಾಡಬೇಕಾದದ್ದು ಪೂರ್ತಿ ನಿಲ್ಲಿಸುವುದಲ್ಲ, ಹಿಂದಿನ ಮೊತ್ತಕ್ಕೆ ಮರಳಿ ಅಲ್ಲಿಂದ ಏಳೆಂಟು ಸಾವಿರದ ಹೆಜ್ಜೆಗಳಲ್ಲಿ ಏರಿಸುತ್ತ, ಪ್ರತಿ ಹೆಜ್ಜೆಯ ಹೆಚ್ಚುವರಿ ಸದಸ್ಯರ ಖರ್ಚು 5,110ನ್ನು ದಾಟುವ ಹಂತಕ್ಕೆ ನಿಲ್ಲುವುದು. ಒಂದು ಹೆಜ್ಜೆಯನ್ನು ಕನಿಷ್ಠ ಒಂದು ತ್ರೈಮಾಸಿಕ ಓಡಿಸದೆ ತೀರ್ಪು ಕೊಡಬಾರದು, ಇಬ್ಬರು ಮೂವರು ಹೆಚ್ಚು ಕಡಿಮೆಯಾದರೆ ಇಡೀ ಲೆಕ್ಕ ತಿರುಗುವಷ್ಟು ಸಂಖ್ಯೆಗಳು ಸಣ್ಣವು. 5,110 ಎಂಬ ಗೆರೆಯೂ ಶಾಶ್ವತವಲ್ಲ. ಅದು ಹತ್ತಿರದ 20 ಮಂದಿಯ ನವೀಕರಣದಿಂದ ಬಂದದ್ದು. ಹೊಸ ಗುಂಪಿನ ಎರಡನೆಯ ತ್ರೈಮಾಸಿಕದ ನವೀಕರಣ ಹತ್ತರಲ್ಲಿ ಆರಕ್ಕಿಂತ ಕೆಳಗಿಳಿದರೆ, ವರ್ಷ ತುಂಬುವವರೆಗೆ ಕಾಯದೆ ಗೆರೆಯನ್ನು ಆಗಲೇ ಇಳಿಸಿ ಲೆಕ್ಕ ಹಾಕಬೇಕು.